ಕಳೆದ ಸಿಮ್ ಸಿಕ್ಕಿತೆಂದು ‘ನಂಬರ್ ಚಾಲೂ ಮಾಡಿಕೊಡಿ’ ಎಂದಷ್ಟೇ ಅರ್ಜಿ ಬರೆಯಬೇಡಿ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಬೆಳೆಗಾರರೊಬ್ಬರ ಮೊಬೈಲ್ ಕಳೆಯಿತು. ಮನೆಯವರು ತಕ್ಷಣ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಸಿಮ್ ಬ್ಲಾಕ್ ಮಾಡಿಸಿದರು. ವಸ್ತು ಕಳೆದಿದೆ ಎಂಬ ಪೊಲೀಸರ ಇ-ಲಾಸ್ಟ್ ವರದಿ ಪಡೆದು, ಕಳೆದ ಫೋನುಗಳನ್ನು ಬ್ಲಾಕ್ ಮಾಡುವ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಹ್ಯಾಂಡ್‌ಸೆಟ್ಟನ್ನೂ ಬ್ಲಾಕ್ ಮಾಡಿಸಿದರು. ಇಲ್ಲಿಯವರೆಗೆ ಎಲ್ಲವೂ ಸರಿಯೇ. ಆಮೇಲೆ ಗೂಡು ತಂದಿದ್ದ ಟೆಂಪೋದಲ್ಲೇ ಫೋನು ಸಿಕ್ಕಿತು. ‘ನನ್ನ ನಂಬರ್ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಚಾಲೂ ಮಾಡಿಕೊಡಿ’ ಎಂದು ಕಂಪನಿಗೆ ಅರ್ಜಿ ಕೊಟ್ಟರು. ಕಂಪನಿಯವರು ಸಿಮ್ ಮೇಲಿನ ತಡೆ ತೆಗೆದು ‘ದೂರು ಬಗೆಹರಿದಿದೆ’ ಎಂದು ಮುಚ್ಚಿಬಿಟ್ಟರು. ಫೋನಿನಲ್ಲಿ ಮಾತ್ರ ನೆಟ್‌ವರ್ಕ್ ಬರಲೇ ಇಲ್ಲ. ವ್ಯಾಲಿಡಿಟಿ ಮುಗಿದಿರಬೇಕೆಂದು ರೀಚಾರ್ಜ್ ಮಾಡಿಸಿದರು, ಮತ್ತೊಂದು ಅರ್ಜಿ ಕೊಟ್ಟರು, ಕೊನೆಗೆ ಡೂಪ್ಲಿಕೇಟ್ ಸಿಮ್ಮನ್ನೂ ತಂದರು. ಅದೂ ಆ ಫೋನಿನಲ್ಲಿ ನಡೆಯಲಿಲ್ಲ. ಗೂಡಿನ ಹಣ ಜಮೆಯಾದ ಬ್ಯಾಂಕ್ ಮೆಸೇಜ್ ನೋಡಲಿಕ್ಕೂ ದಾರಿ ಇರಲಿಲ್ಲ.

ಇಲ್ಲಿ ಬಿದ್ದಿದ್ದ ಬೀಗಗಳು ಎರಡು, ಕೀಲಿ ಇರುವ ಜಾಗಗಳೂ ಎರಡು. ಕಸ್ಟಮರ್ ಕೇರ್‌ಗೆ ಹೇಳಿದಾಗ ಬ್ಲಾಕ್ ಆಗುವುದು ಸಿಮ್. ಅದನ್ನು ತೆಗೆಯುವುದು ಕಂಪನಿಯ ಕೆಲಸ. ಸಿಇಐಆರ್‌ನಲ್ಲಿ ಬ್ಲಾಕ್ ಆಗುವುದು ಹ್ಯಾಂಡ್‌ಸೆಟ್ಟಿನ 15 ಅಂಕಿಯ ಗುರುತಿನ ಸಂಖ್ಯೆಯಾದ ಐಎಂಇಐ. ಎರಡು ಸಿಮ್ ಹಾಕುವ ಫೋನಿಗೆ ಐಎಂಇಐ ಕೂಡ ಎರಡಿರುತ್ತವೆ. ಅದು ದೂರಸಂಪರ್ಕ ಇಲಾಖೆಯ ವ್ಯವಸ್ಥೆ; ಅಲ್ಲಿ ಬ್ಲಾಕ್ ಆದ ಫೋನಿಗೆ ಯಾವ ಕಂಪನಿಯ ಸಿಮ್ ಹಾಕಿದರೂ ನೆಟ್‌ವರ್ಕ್ ಸಿಗುವುದಿಲ್ಲ. ಸಿಮ್ ಕಂಪನಿಗೆ ಎಷ್ಟು ಅರ್ಜಿ ಬರೆದರೂ ಈ ಬೀಗ ತೆರೆಯದು.

ಹಾಗಾಗಿ ಅರ್ಜಿ ಬರೆಯುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಸಿಮ್ಮನ್ನು ಮನೆಯಲ್ಲಿರುವ ಬೇರೆ ಫೋನಿಗೆ ಹಾಕಿ, ಆಫ್ ಮಾಡಿ ಆನ್ ಮಾಡಿ. ಅಲ್ಲಿ ನೆಟ್‌ವರ್ಕ್ ಬಂದು ಕರೆ ಹೋದರೆ ಸಿಮ್ ಸರಿಯಿದೆ, ಬ್ಲಾಕ್ ಆಗಿರುವುದು ಹ್ಯಾಂಡ್‌ಸೆಟ್. ಅಲ್ಲೂ ನೆಟ್‌ವರ್ಕ್ ಬಾರದಿದ್ದರೆ ಸಿಮ್ ಮೇಲಿನ ತಡೆ ಇನ್ನೂ ಹೋಗಿಲ್ಲ. ನೆಟ್‌ವರ್ಕ್ ಇದ್ದೂ ಕರೆ ಹೋಗದಿದ್ದರೆ ಪ್ಲಾನಿನ ಅವಧಿ ಮುಗಿದಿರಬಹುದು. ನಂಬರ್ ಬ್ಲಾಕ್ ಆಗಿದ್ದ ದಿನಗಳಲ್ಲೂ ಪ್ಲಾನಿನ ಅವಧಿ ಓಡುತ್ತಲೇ ಇರುತ್ತದೆ. ಇದನ್ನೇ ತಿರುಗಿಸಿ, ಪಕ್ಕದ ಮನೆಯವರ ಸಿಮ್ಮನ್ನು ನಿಮ್ಮ ಬ್ಲಾಕ್ ಆದ ಫೋನಿಗೆ ಹಾಕಿ ನೋಡಬೇಡಿ. ಬ್ಲಾಕ್ ಆದ ಐಎಂಇಐನಲ್ಲಿ ಯಾವ ಸಿಮ್ ಬಳಕೆಯಾಯಿತು ಎಂಬ ಮಾಹಿತಿ ಪೊಲೀಸರಿಗೆ ಹೋಗುವಂತೆಯೇ ಆ ವ್ಯವಸ್ಥೆ ಮಾಡಿರುವುದು. ಪಾಪದ ನೆರೆಯವರಿಗೆ ಠಾಣೆಯಿಂದ ಫೋನ್ ಬಂದೀತು.

ಹ್ಯಾಂಡ್‌ಸೆಟ್ ಬೀಗವಾದರೆ ಮೊದಲು ದೂರು ಕೊಟ್ಟ ಠಾಣೆಗೆ ಫೋನ್ ಸಿಕ್ಕಿದೆ ಎಂದು ತಿಳಿಸಿ. ನಂತರ ceir.gov.in ತೆರೆದು Un-Block Found Mobile ಆಯ್ಕೆಯಲ್ಲಿ, ಬ್ಲಾಕ್ ಮಾಡಿಸಿದಾಗ ಸಿಕ್ಕಿದ್ದ ರಿಕ್ವೆಸ್ಟ್ ಐಡಿ ಮತ್ತು ಅಂದು ಕೊಟ್ಟ ಮೊಬೈಲ್ ನಂಬರ್ ತುಂಬಬೇಕು. ಒಟಿಪಿ ಬರುವುದು ಆ ನಂಬರಿಗೇ. ಅದು ಕಳೆದ ನಂಬರೇ ಆಗಿದ್ದರೆ ಮೊದಲು ಸಿಮ್ ಚಾಲೂ ಆಗಲೇಬೇಕು. ರಿಕ್ವೆಸ್ಟ್ ಐಡಿಯನ್ನು ಕಳೆದ ಫೋನಿನ ಮೆಸೇಜಿನಲ್ಲಿ ನೆಚ್ಚಿಕೊಳ್ಳದೆ ಕಾಗದದಲ್ಲಿ ಬರೆದಿಡಿ.

ಇನ್ನು ಸಿಮ್ ಬೀಗ. ಕಂಪನಿಯವರನ್ನು ಕೇಳಬಹುದಾದದ್ದು ಎರಡು: ಹಳೆಯ ಸಿಮ್ ಮೇಲಿನ ತಡೆ ತೆಗೆಯುವುದು, ಇಲ್ಲವೇ ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ಕೊಡುವುದು. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಬೇಡಿ. ಡೂಪ್ಲಿಕೇಟ್ ಚಾಲೂ ಆದ ಕ್ಷಣ ಹಳೆಯ ಸಿಮ್ ಶಾಶ್ವತವಾಗಿ ಸಾಯುತ್ತದೆ. ಡೂಪ್ಲಿಕೇಟ್ ಪಡೆದ ಮೊದಲ 24 ಗಂಟೆ ಎಸ್‌ಎಂಎಸ್ ತಡೆ ಇರುವುದರಿಂದ ಬ್ಯಾಂಕ್ ಒಟಿಪಿಯೂ ಬರುವುದಿಲ್ಲ. 2024ರ ಜುಲೈ 1ರಿಂದ, ಸಿಮ್ ಬದಲಾಯಿಸಿದ 7 ದಿನದೊಳಗೆ ಬೇರೆ ಕಂಪನಿಗೆ ಪೋರ್ಟ್ ಮಾಡಲು ಕೋಡ್ ಕೂಡ ಸಿಗದು. ಸಿಟ್ಟಿನಲ್ಲಿ ‘ಪೋರ್ಟ್ ಆಗ್ತೀನಿ’ ಎಂದು ಹೊರಡುವವರು ಇದನ್ನು ತಿಳಿದಿರಬೇಕು. ಹಳೆಯ ಸಿಮ್ ನಿಮ್ಮ ಕೈಯಲ್ಲೇ ಇದ್ದು ಡೂಪ್ಲಿಕೇಟ್ ತೆಗೆದಿಲ್ಲವೆಂದರೆ ತಡೆ ತೆಗೆಸುವುದನ್ನೇ ಮೊದಲು ಕೇಳಿ. ಆದರೆ ಫೋನು ಒಂದಷ್ಟು ದಿನ ಗುರುತಿಲ್ಲದವರ ಕೈಯಲ್ಲಿತ್ತು ಎಂದಾದರೆ ಡೂಪ್ಲಿಕೇಟೇ ಕ್ಷೇಮ.

ಅರ್ಜಿ ಹೀಗಿರಲಿ:

*ವಿಷಯ: ಕಳೆದ ಸಿಮ್ ದೂರಿನ ಮೇಲೆ ತಡೆಹಿಡಿದ ನಂಬರನ್ನು ಪುನಃ ಚಾಲೂ ಮಾಡುವ ಬಗ್ಗೆ.*

*ಮಾನ್ಯರೇ, ____ ಪ್ರೀಪೇಯ್ಡ್ ನಂಬರ್ ನನ್ನ ಹೆಸರಿನಲ್ಲಿದೆ. ಸಿಮ್ ಕಳೆದಿದೆ ಎಂದು ದಿನಾಂಕ ____ರಂದು ____ ನಂಬರಿನಿಂದ ಕರೆ ಮಾಡಿ ನಾನೇ ತಡೆ ಹಾಕಿಸಿದ್ದೆ. ದೂರಿನ ಸಂಖ್ಯೆ ____. ಸಿಮ್ ದಿನಾಂಕ ____ರಂದು ಸಿಕ್ಕಿದೆ. ಡೂಪ್ಲಿಕೇಟ್ ಸಿಮ್ ಪಡೆದಿಲ್ಲ. ಸಿಮ್ಮಿನ ಮೇಲೆ ಮುದ್ರಿತ ಸಂಖ್ಯೆಯ ಕೊನೆಯ ಐದು ಅಂಕಿ ____. ಬೇರೆ ಹ್ಯಾಂಡ್‌ಸೆಟ್ಟಿನಲ್ಲಿ ಹಾಕಿ ನೋಡಿದಾಗಲೂ ನೆಟ್‌ವರ್ಕ್ ಬರುತ್ತಿಲ್ಲ. ಇದು ನೆಟ್‌ವರ್ಕ್ ದೂರಲ್ಲ. ಕಳೆದ ಸಿಮ್ ದೂರಿನ ತಡೆಯನ್ನು ತೆಗೆಯಬೇಕೆಂದು ಕೋರಿಕೆ. ಆಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಿ. ಸಂಪರ್ಕಕ್ಕೆ ಬೇರೆ ನಂಬರ್: ____. ಲಗತ್ತು: ಗುರುತಿನ ಚೀಟಿ, ಇ-ಲಾಸ್ಟ್ ವರದಿ.*

‘ಇದು ನೆಟ್‌ವರ್ಕ್ ದೂರಲ್ಲ’ ಎಂಬ ಸಾಲನ್ನು ಬಿಡಬೇಡಿ. ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದ ಅರ್ಜಿ ಸಿಗ್ನಲ್ ದೂರಿನ ಕಂತೆಗೆ ಸೇರುತ್ತದೆ, ಅಲ್ಲಿ ‘ನಿಮ್ಮ ಪ್ರದೇಶದಲ್ಲಿ ಟವರ್ ಸರಿಯಿದೆ’ ಎಂದು ಮುಚ್ಚಿಹೋಗುತ್ತದೆ. ಸಹಿ ಮಾಡಬೇಕಾದವರು ಸಿಮ್ ಯಾರ ಹೆಸರಿನಲ್ಲಿದೆಯೋ ಅವರು. ನಮ್ಮ ಕಡೆ ಅಪ್ಪನ ಹೆಸರಿನ ಸಿಮ್ಮನ್ನು ಮಗ, ಅಣ್ಣನದನ್ನು ತಮ್ಮ ಬಳಸುವುದು ಮಾಮೂಲು. ಅಂಥವರ ಅರ್ಜಿ ಕೌಂಟರಿನಲ್ಲೇ ವಾಪಸ್ಸಾಗುತ್ತದೆ. ಹೆಸರಿನವರನ್ನೇ ಆಧಾರ್ ಸಮೇತ ಕರೆದೊಯ್ಯಿರಿ.

ಅರ್ಜಿಯನ್ನು ರೀಚಾರ್ಜ್ ಅಂಗಡಿಗೆ ಕೊಟ್ಟು ಬರಬೇಡಿ. ಕಂಪನಿಯ ಸ್ವಂತ ಮಳಿಗೆಗೆ ಕೊಟ್ಟು, ನಕಲಿನ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿ. ದೂರು ದಾಖಲಾದ ಸಂಖ್ಯೆ, ಅಂದರೆ ಡಾಕೆಟ್ ನಂಬರ್, ನಿಮ್ಮ ಇನ್ನೊಂದು ಮೊಬೈಲಿಗೆ ಬರುವವರೆಗೆ ಅಲ್ಲೇ ನಿಲ್ಲಿ. ಸೀಲು ಹಾಕಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಡಾಕೆಟ್ ನಂಬರ್ ಇಲ್ಲದಿದ್ದರೆ ಮುಂದಿನ ಮೆಟ್ಟಿಲಿಗೆ ಕಾಲಿಡಲಾಗದು. ಆ ಮೆಟ್ಟಿಲೆಂದರೆ ಪ್ರತಿ ಕಂಪನಿಯೂ ಇಟ್ಟಿರಲೇಬೇಕಾದ ಮೇಲ್ಮನವಿ ಪ್ರಾಧಿಕಾರ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದಂತೆ ಅಲ್ಲಿ ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನವಾಗಬೇಕು.

ಸುಮ್ಮನೆ ಕಾಯುವುದೂ ಅಪಾಯ. ಪ್ರೀಪೇಯ್ಡ್ ನಂಬರ್ 90 ದಿನ ಬಳಕೆಯಾಗದೆ, ಬ್ಯಾಲೆನ್ಸ್ ಕೂಡ ₹20ಕ್ಕಿಂತ ಕಡಿಮೆಯಿದ್ದರೆ ಕಂಪನಿ ಅದನ್ನು ರದ್ದು ಮಾಡಬಹುದು. ರದ್ದಾದ ಮೇಲೆ ಇನ್ನೊಂದು 90 ದಿನ ಕಳೆದರೆ ಅದು ಬೇರೆಯವರ ಪಾಲಾಗಬಹುದು. ಆಗ ನಿಮ್ಮ ಬ್ಯಾಂಕ್ ಮೆಸೇಜ್ ಅವರ ಫೋನಿಗೆ ಹೋಗುತ್ತದೆ.

ಕೊನೆಯದಾಗಿ, ಈ ಅರ್ಜಿಯ ಫೋಟೋ ತೆಗೆದು ಕಂಪನಿಯನ್ನು ಟ್ಯಾಗ್ ಮಾಡಿ ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಅದರಲ್ಲಿ ನಿಮ್ಮ ಎರಡೂ ನಂಬರ್‌ಗಳಿರುತ್ತವೆ. ಅದನ್ನು ನೋಡಿದ ವಂಚಕರು ‘ಕಸ್ಟಮರ್ ಕೇರ್‌ನಿಂದ ಮಾತಾಡ್ತಿದ್ದೀವಿ ಸರ್, ಸಿಮ್ ಹಿಂದಿನ ಪೂರ್ತಿ ನಂಬರ್ ಹೇಳಿ, ಬಂದ ಒಟಿಪಿ ಹೇಳಿ’ ಎನ್ನುತ್ತಾರೆ. ಹೇಳಿದರೆ ನಿಮ್ಮ ನಂಬರ್ ಅವರ ಸಿಮ್ಮಿಗೆ ವರ್ಗವಾಗುತ್ತದೆ. ಅರ್ಜಿಯಲ್ಲಿ ಸಿಮ್ ಸಂಖ್ಯೆಯ ಕೊನೆಯ ಐದು ಅಂಕಿ ಮಾತ್ರ ಬರೆಯಲು ಹೇಳಿದ್ದು ಇದೇ ಕಾರಣಕ್ಕೆ. ಪೂರ್ತಿ ಬೇಕೆಂದರೆ ಮಳಿಗೆಯಲ್ಲಿ ಸಿಮ್ಮನ್ನೇ ತೋರಿಸಿ. ಹೇಳಿಬಿಟ್ಟಿದ್ದರೆ ಬ್ಯಾಂಕಿಗೆ ಫೋನ್ ಮಾಡಿ ಖಾತೆ ತಡೆಹಿಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.