ಹಳೇ ಲಾರಿಗೆ ಹಾಕಿಸಿದ ಸ್ಪೀಡ್ ಗವರ್ನರ್: ವರ್ಷಗಟ್ಟಲೆ ಓಡಿಸಿದ ಮೇಲಿನ ಮಾತು

ಕಲಬುರಗಿಯಲ್ಲಿ ನಮ್ಮದು ಸಣ್ಣ ಲಾರಿ ವ್ಯವಹಾರ. ಸೇಡಂ ಕಡೆಯಿಂದ ಸಿಮೆಂಟ್ ತರುತ್ತೇವೆ, ಸುಗ್ಗಿಯಲ್ಲಿ ತೊಗರಿ ಹೇರುತ್ತೇವೆ. ಹೊಸ ಗಾಡಿಯಲ್ಲಿ ವೇಗಮಿತಿ ಎಂಜಿನ್ನಿನ ಕಂಪ್ಯೂಟರಿನೊಳಗೇ ಇರುತ್ತದೆ, ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಾನು ಬರೆಯುತ್ತಿರುವುದು ಹಳೇ ಲಾರಿಗೆ ಹೊರಗಿನಿಂದ ಕೂಡಿಸಿದ, ಡೀಸೆಲ್ ತಡೆಯುವ ಗವರ್ನರ್ ಬಗ್ಗೆ.

ಗೇರ್‌ಬಾಕ್ಸಿನಿಂದ ಹಿಂದಿನ ಗಾಲಿಗಳ ಕಡೆ ಹೋಗುವ ಶಾಫ್ಟ್ ಎಷ್ಟು ಸುತ್ತುತ್ತಿದೆ ಎಂದು ಒಂದು ಸೆನ್ಸರ್ ಎಣಿಸುತ್ತದೆ. ಕ್ಯಾಬಿನ್ನಿನಲ್ಲಿರುವ ಸಣ್ಣ ಡಬ್ಬಿ ಆ ಎಣಿಕೆಯನ್ನು ವೇಗವಾಗಿ ಲೆಕ್ಕ ಹಾಕುತ್ತದೆ. ಗಾಡಿ 80ರ ಹತ್ತಿರ ಬಂದರೆ ಡೀಸೆಲ್ ಪೈಪಿನಲ್ಲಿ ಕೂಡಿಸಿದ ವಾಲ್ವ್‌ಗೆ ಸೂಚನೆ ಹೋಗಿ ಪಂಪಿಗೆ ಬರುವ ಡೀಸೆಲ್ ಕಡಿಮೆಯಾಗುತ್ತದೆ. ಆಮೇಲೆ ಎಕ್ಸಲೇಟರನ್ನು ತಳಕ್ಕೆ ಒತ್ತಿದರೂ ಎಂಜಿನ್ ಎಳೆಯುವುದಿಲ್ಲ. 2015ರ ಕೇಂದ್ರ ನಿಯಮದ ಪ್ರಕಾರ ಬಹುತೇಕ ಲಾರಿ, ಬಸ್ಸುಗಳಿಗೆ ಮಿತಿ 80; ಟ್ಯಾಂಕರ್, ಡಂಪರ್, ಶಾಲಾ ಬಸ್ಸುಗಳಿಗೆ 60. ನಮ್ಮದು ಜರ್ಕ್ ಹೊಡೆಯದೆ ಮೆಲ್ಲಗೆ ತಡೆಯುತ್ತದೆ. ಆ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನವಿದೆ.

ಆದರೆ ಈ ಡಬ್ಬಿಗೆ ಗೊತ್ತಿರುವುದು ಶಾಫ್ಟಿನ ಸುತ್ತು ಮಾತ್ರ, ರಸ್ತೆಯ ಮೇಲಿನ ವೇಗವಲ್ಲ. ಇದು ನಮಗೆ ತಿಳಿದದ್ದು ಹಿಂದಿನ ಎಕ್ಸೆಲ್ಲಿನಲ್ಲಿ ಶಾಫ್ಟಿನ ಸುತ್ತನ್ನು ಗಾಲಿಗೆ ದಾಟಿಸುವ ಕ್ರೌನ್-ಪಿನಿಯನ್ ಗೇರ್ ಜೋಡಿಯ ಹಲ್ಲು ಮುರಿದು, ಒಂದು ಗ್ಯಾರೇಜಿನಲ್ಲಿ ಸೆಕೆಂಡ್ ಹ್ಯಾಂಡ್ ಜೋಡಿ ಹಾಕಿಸಿದಾಗ. ಗಾಡಿ ಹೊರಬಿದ್ದ ಮೇಲೆ ಡ್ರೈವರ್ ಫೋನ್ ಮಾಡಿದ: “ಮಾಲಕ್ರ, ಮೀಟರ್ ಎಂಬತ್ತು ತೋರಸ್ತದ, ಆದ್ರ ಗಾಡಿ ಓಡವಲ್ದು. ಎಲ್ಲಾ ಗಾಡಿ ನಮ್ಮನ್ನ ದಾಟಿ ಹೊಂಟಾವ.”

ಕಟ್ಟಿಸಂಗಾವಿ ಸೇತುವೆ ದಾಟಿ ಜೇವರ್ಗಿ ಕಡೆಯ ಸಪಾಟು ರಸ್ತೆಯಲ್ಲಿ ನಾನೇ ಪಕ್ಕದಲ್ಲಿ ಕುಳಿತು ಫೋನಿನ ಜಿಪಿಎಸ್ ಹಚ್ಚಿ ನೋಡಿದೆ. ಮೀಟರಿನಲ್ಲಿ 80, ಜಿಪಿಎಸ್‌ನಲ್ಲಿ 68-69. ಮೇಸ್ತ್ರಿ ಬಿಚ್ಚಿ ಹಲ್ಲು ಎಣಿಸಿದಾಗ ಕಾರಣ ಸಿಕ್ಕಿತು. ಮೊದಲಿನ ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 7. ಅಂದರೆ ಗಾಲಿ ಒಂದು ಸುತ್ತು ಸುತ್ತಲು ಶಾಫ್ಟ್ 5.86 ಸುತ್ತು ಸುತ್ತಬೇಕು. ಹೊಸದಾಗಿ ಕೂಡಿಸಿದ್ದರಲ್ಲಿ ಪಿನಿಯನ್ 6 ಹಲ್ಲಿನದು, ಹಾಗಾಗಿ 6.83 ಸುತ್ತು. ಗವರ್ನರ್ ಹಳೇ ಲೆಕ್ಕದಲ್ಲೇ ಎಣಿಸುತ್ತಿತ್ತು. ಅದು 80 ಎಂದುಕೊಂಡಾಗ ಗಾಡಿ ನಿಜವಾಗಿ 80ನ್ನು 5.86ರಿಂದ ಗುಣಿಸಿ 6.83ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 68.6ರಲ್ಲಿ ಇತ್ತು.

ನಮಗೆ ಆದದ್ದು ಕಡಿಮೆ ವೇಗ, ಹೊತ್ತು ಹಾಳಾಯಿತು ಅಷ್ಟೇ. ಇದು ಉಲ್ಟಾ ಆದರೆ ನನಗೆ ಭಯ. 6 ಹಲ್ಲಿನ ಪಿನಿಯನ್ನಿಗೆ ಸೆಟ್ ಮಾಡಿದ ಗಾಡಿಗೆ 7 ಹಲ್ಲಿನದು ಬಿದ್ದರೆ ಮೀಟರ್ 80 ತೋರಿಸುವಾಗ ಗಾಡಿ 93ರಲ್ಲಿ ಓಡುತ್ತದೆ. ಸೀಲ್ ಹಾಗೇ ಇರುತ್ತದೆ, ಸರ್ಟಿಫಿಕೇಟೂ ಸರಿಯಿರುತ್ತದೆ, ಡ್ರೈವರನಿಗೂ ಅನುಮಾನ ಬರುವುದಿಲ್ಲ. ಟೈರ್ ಅಳತೆ ಬದಲಿಸಿದರೂ ಹೀಗೇ ವ್ಯತ್ಯಾಸ ಬರುತ್ತದೆ, ಆದರೆ ಅದು ಸಾಮಾನ್ಯವಾಗಿ ಎರಡು-ಮೂರು ಕಿಲೋಮೀಟರಿನಷ್ಟೇ.

ಇಳಿಜಾರಿನಲ್ಲಿ ಗವರ್ನರನ್ನು ನಂಬಬೇಡಿ. ಅದು ಡೀಸೆಲ್ ತಡೆಯುತ್ತದೆ, ಬ್ರೇಕ್ ಹಾಕುವುದಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸಿದರೆ ಹೇರಿದ ಲಾರಿ ತನ್ನ ಭಾರಕ್ಕೇ 80 ದಾಟಿ ಹೋಗುತ್ತದೆ. ಗೇರಿನಲ್ಲೇ ಇಳಿಸಬೇಕೆಂದು ನಮ್ಮ ಡ್ರೈವರರಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಇನ್ನು ಓವರ್‌ಟೇಕ್. ಮುಂದಿನ ಲಾರಿ 75ರಲ್ಲಿದ್ದರೆ ನಮಗೆ ಸಿಗುವ ಹೆಚ್ಚುವರಿ ವೇಗ 5 ಮಾತ್ರ, ಸೆಕೆಂಡಿಗೆ 1.4 ಮೀಟರ್. ಎರಡೂ ಗಾಡಿಗಳ ಉದ್ದ, ಹಿಂದೆ-ಮುಂದೆ ಬಿಡುವ ಅಂತರ ಸೇರಿ 60 ಮೀಟರ್ ಎಂದುಕೊಂಡರೂ ದಾಟಲು ಮುಕ್ಕಾಲು ನಿಮಿಷದ ಹತ್ತಿರ ಬೇಕು. ಅಷ್ಟರಲ್ಲಿ ನಾವು ಸುಮಾರು ಒಂದು ಕಿಲೋಮೀಟರ್ ಹೋಗಿರುತ್ತೇವೆ, ಎದುರಿನ ಗಾಡಿಯೂ ಅಷ್ಟೇ ಬಂದಿರುತ್ತದೆ. ಎರಡು ಕಿಲೋಮೀಟರ್ ಖಾಲಿ ರಸ್ತೆ ನಮ್ಮ ಕಡೆಯ ಎರಡು ಲೇನಿನ ದಾರಿಯಲ್ಲಿ ಎಲ್ಲಿ ಕಾಣುತ್ತದೆ? ಇದು ಡಬ್ಬಿಯ ದೋಷವಲ್ಲ, ಆದರೆ ಹಾಕಿಸಿದವರು ಡ್ರೈವರನಿಗೆ ಇದನ್ನು ಕೂರಿಸಿಕೊಂಡು ಹೇಳಲೇಬೇಕು.

ಏರಿನಲ್ಲಿ 40ಕ್ಕೇ ಗಾಡಿ ಸೊರಗಿದರೆ ಬಹಳ ಮಂದಿ ಗವರ್ನರಿಗೆ ಬೈಯುತ್ತಾರೆ. ಗವರ್ನರ್ ಸೆಟ್ ಮಾಡಿದ ವೇಗದಲ್ಲಿ ಮಾತ್ರ ತಡೆಯಬೇಕು. ಕಡಿಮೆ ವೇಗದಲ್ಲಿ ಶಕ್ತಿ ಬಿದ್ದರೆ ಮೊದಲು ಡೀಸೆಲ್ ಫಿಲ್ಟರ್ ನೋಡಿ, ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿ, ಕಸ ಸೇರಿ ವಾಲ್ವ್ ಅರ್ಧಕ್ಕೇ ಸಿಕ್ಕಿಕೊಂಡಿದೆಯೇ ನೋಡಿ. ವಾಲ್ವ್ ಹೊರಗಿನಿಂದ ಕೂಡಿಸಿದಾಗ ಜಾಯಿಂಟ್ ಹೆಚ್ಚಾಗುತ್ತವೆ, ಗಾಳಿ ಸೇರುವ ಜಾಗವೂ ಹೆಚ್ಚುತ್ತದೆ. ಅದಕ್ಕೇ 5ಕ್ಕೆ 4 ಅಂಕ.

ಕ್ರೌನ್-ಪಿನಿಯನ್ ಬಿಚ್ಚಿದರೆ ಹಳೆಯದರ, ಹೊಸದರ ಹಲ್ಲು ಎಣಿಸಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಲೆಕ್ಕ ಬೇರೆಯಾಗಿದ್ದರೆ ಗವರ್ನರ್ ಹಾಕಿದವರಿಂದಲೇ ಮತ್ತೆ ಸೆಟ್ ಮಾಡಿಸಿ, ಸೀಲ್ ಹಾಕಿಸಿ, ಜಿಪಿಎಸ್ ಹಚ್ಚಿ ಒಮ್ಮೆ ಸಪಾಟು ರಸ್ತೆಯಲ್ಲಿ ಓಡಿಸಿ ನೋಡಿದ ಮೇಲೆಯೇ ಲೋಡಿಗೆ ಕಳಿಸಿ.