ತುಪ್ಪ ಜಾಸ್ತಿಯಾದರೆ ಗೂಡೋ, ಮೆದುವೋ? ಐದು ಬಾಣಲೆ ಮೈಸೂರು ಪಾಕ್

ನಮ್ಮ ಅತ್ತೆಯವರನ್ನು ಕೇಳಿದರೆ, ಮೈಸೂರು ಪಾಕಿಗೆ ತುಪ್ಪ ಧಾರಾಳವಾಗಿ ಸುರಿದರೇನೇ ಒಳಗೆ ತೂತುತೂತಾಗಿ, ಗರಿಯಾಗಿ ಗೂಡು ಬರೋದು ಅಂತಾರೆ. ಓರಗಿತ್ತಿಯನ್ನು ಕೇಳಿದರೆ, ತುಪ್ಪ ಧಾರಾಳವಾಗಿ ಸುರಿದರೇನೇ ಬಾಯಲ್ಲಿ ಕರಗೋ ಹಾಗೆ ಮೆತ್ತಗಾಗೋದು ಅಂತಾಳೆ. ಒಂದೇ ಕಾರಣಕ್ಕೆ ತದ್ವಿರುದ್ಧವಾದ ಎರಡು ಫಲ. ನಾದಿನಿಯ ಸೀಮಂತಕ್ಕೆ ಯಾವುದು ಮಾಡೋದು ಅನ್ನೋ ಮಾತು ಮನೆಯಲ್ಲಿ ಮೂರು ದಿನ ನಡೆಯಿತು. ಕೊನೆಗೆ ನಾನೇ ಎರಡು ಭಾನುವಾರ ಒಲೆ ಮುಂದೆ ನಿಂತು ಐದು ಸಲ ಮಾಡಿ ನೋಡಿದೆ.

ಐದರಲ್ಲೂ ಬದಲಾಯಿಸದೆ ಉಳಿಸಿಕೊಂಡದ್ದು ಇಷ್ಟು: ಜರಡಿ ಹಿಡಿದ ಕಡಲೆ ಹಿಟ್ಟು ಒಂದು ಲೋಟ, ಸಕ್ಕರೆ ಎರಡು ಲೋಟ, ನೀರು ಮುಕ್ಕಾಲು ಲೋಟ, ಒಂದೆಳೆ ಪಾಕ. ಬದಲಾಯಿಸಿದ್ದು ತುಪ್ಪದ ಅಳತೆ ಮತ್ತು ತುಪ್ಪದ ಬಿಸಿ. ಮೊದಮೊದಲು ಅಳತೆಯೊಂದನ್ನೇ ಬದಲಾಯಿಸಬೇಕು ಅಂದುಕೊಂಡಿದ್ದೆ. ಎರಡನೇ ಬಾಣಲೆಯಲ್ಲಿ ತುಪ್ಪ ಬಿಸಿ ಇಡೋದಕ್ಕೆ ಮರೆತದ್ದರಿಂದ ಬಿಸಿಯೂ ಲೆಕ್ಕಕ್ಕೆ ಬಂತು. ಆ ಮರೆವೇ ಕೊನೆಗೆ ಉತ್ತರ ಕೊಟ್ಟಿತು.

ಮೊದಲನೆಯದು ಒಂದು ಲೋಟ ತುಪ್ಪದ್ದು, ಪಕ್ಕದ ಒಲೆಯಲ್ಲಿ ಚೆನ್ನಾಗಿ ಕಾಯಿಸಿದ್ದು. ಮೂರು ಸೌಟು ಬೀಳೋವರೆಗೂ ಹಿಟ್ಟು ಚುಂಯ್ ಅಂತ ನೊರೆಯೆದ್ದಿತು. ಆಮೇಲೆ ತುಪ್ಪವೇ ಮುಗಿದುಹೋಯಿತು. ಇನ್ನಷ್ಟು ಕೆದಕಿದರೆ ತಳ ಹಿಡಿಯಲು ಶುರುವಾಯಿತು, ಇಳಿಸಿಬಿಟ್ಟೆ. ಆರಿದ ಮೇಲೆ ಗಟ್ಟಿ ಬರ್ಫಿ. ಅಲ್ಲೊಂದು ಇಲ್ಲೊಂದು ಸೂಜಿಮೊನೆಯಷ್ಟು ತೂತು. ಅಗಿದರೆ ಹಸಿ ಹಿಟ್ಟಿನ ವಾಸನೆ, ನುಂಗಿದರೆ ಗಂಟಲಿಗೆ ಅಂಟು. ಇದನ್ನು ಸ್ಪರ್ಧೆಯಿಂದ ಹೊರಗಿಡಿ. ಖರ್ಚು ಉಳಿಸೋಕೆ ತುಪ್ಪ ಕಡಿಮೆ ಮಾಡಿದರೆ ಆಗೋದೇ ಇದು.

ಎರಡನೆಯದು ಎರಡು ಲೋಟ ತುಪ್ಪ, ಆದರೆ ಉಗುರುಬೆಚ್ಚಗಿನದು. ಸೌಟಿನಿಂದ ಬಿಟ್ಟಾಗ ಸದ್ದೇ ಇಲ್ಲ. ಹಿಟ್ಟು ತುಪ್ಪವನ್ನು ಸುಮ್ಮನೆ ಕುಡಿಯಿತು, ಮತ್ತೆ ಬಿಟ್ಟರೆ ಮತ್ತೆ ಕುಡಿಯಿತು. ಪ್ರತಿ ಸೌಟಿಗೂ ಬಾಣಲೆ ತಣ್ಣಗಾಗುತ್ತಿದ್ದುದರಿಂದ ಮೊದಲಿನದಕ್ಕಿಂತ ಹೆಚ್ಚು ಹೊತ್ತು ಕೈಯಾಡಿಸಬೇಕಾಯಿತು. ಹೊಳಪು ಬಂದು, ಬಾಣಲೆಯ ಅಂಚು ಬಿಟ್ಟು ಒಂದೇ ಮುದ್ದೆಯಾಗಿ ಜಾರುವಾಗ, ಇನ್ನೂ ತುಪ್ಪ ವಾಪಸು ಬಿಡುವ ಮುಂಚೆಯೇ ತಟ್ಟೆಗೆ ಸುರಿದೆ. ತೂತಿನ ಸುಳಿವಿಲ್ಲ. ಚಾಕು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಓರಗಿತ್ತಿ ಬೇಕರಿಯಿಂದ ತರುತ್ತಿದ್ದದ್ದು ಹೆಚ್ಚುಕಡಿಮೆ ಇದೇ. ಸಕ್ಕರೆ ಮಾತ್ರ ಇದಕ್ಕೆ ಜಾಸ್ತಿಯಾಯಿತು, ಒಂದೂವರೆ ಲೋಟ ಸಾಕಿತ್ತು.

ಮೂರನೆಯದಕ್ಕೂ ಅದೇ ಎರಡು ಲೋಟ, ಆದರೆ ಕುದಿ ಕುದಿ ತುಪ್ಪ. ಅಳತೆಯಲ್ಲಿ ಒಂದು ಚಮಚ ವ್ಯತ್ಯಾಸವಿಲ್ಲ. ಆದರೂ ತಟ್ಟೆಯಲ್ಲಿ ಬಿದ್ದದ್ದು ಬೇರೆಯೇ ತಿಂಡಿ: ಒಡೆದರೆ ಸಾಸಿವೆಯಷ್ಟು ತೂತುಗಳು, ಕಚ್ಚಿದರೆ ಗರಿ, ಆಮೇಲೆ ಪುಡಿ. ಅಲ್ಲಿಗೆ ಅತ್ತೆಯವರದೂ ಓರಗಿತ್ತಿಯದೂ ಅರ್ಧರ್ಧ ಸತ್ಯ ಅಂತ ಗೊತ್ತಾಯಿತು.

ಯಾಕೆ ಹೀಗೆ ಅಂದರೆ, ಒಂದೆಳೆ ಪಾಕದಲ್ಲಿ ಇನ್ನೂ ನೀರು ಇರುತ್ತದೆ. ಅದರ ಮೇಲೆ ನೂರು ಡಿಗ್ರಿಗಿಂತ ಎಷ್ಟೋ ಮೇಲಿರುವ ತುಪ್ಪ ಬಿದ್ದ ಕೂಡಲೇ ಆ ನೀರು ಆವಿಯಾಗಿ ಹಿಟ್ಟನ್ನು ಉಬ್ಬಿಸಿಕೊಂಡು ಹೊರಗೆ ಬರುತ್ತದೆ. ನಾವು ಕಾಣುವ ನೊರೆ ಅದೇ. ಆವಿ ಹೋದ ಜಾಗ ಮುಚ್ಚಿಕೊಳ್ಳುವ ಮೊದಲೇ ಸಕ್ಕರೆ ಬಿಗಿದುಕೊಂಡರೆ ಅದು ಗೂಡಾಗಿ ನಿಲ್ಲುತ್ತದೆ. ಬೆಚ್ಚಗಿನ ತುಪ್ಪಕ್ಕೆ ಆ ಶಕ್ತಿಯಿಲ್ಲ. ನೀರು ನಿಧಾನವಾಗಿ, ಗುಳ್ಳೆ ಏಳಿಸದೆ ಹೋಗುತ್ತದೆ, ತುಪ್ಪ ಹಿಟ್ಟಿನೊಳಗೇ ಕೂರುತ್ತದೆ.

ಹಾಗಾದರೆ ಅಳತೆಗೆ ಬೆಲೆಯಿಲ್ಲವೇ? ನಾಲ್ಕನೇ ಬಾಣಲೆ ನೋಡಿ. ಮೂರು ಲೋಟ ತುಪ್ಪ, ಕೊನೆಯ ಸೌಟಿನವರೆಗೂ ಒಲೆಯಿಂದ ಇಳಿಸದೆ ಕಾಯುತ್ತಲೇ ಇದ್ದದ್ದು. ಹಿಟ್ಟಿನ ಒಂದು ಹನಿ ಬಿಟ್ಟರೆ ತಕ್ಷಣ ಮೇಲೆದ್ದು ಚಟಪಟ ಅನ್ನಬೇಕು, ಅಷ್ಟು ಬಿಸಿ. ಎರಡು ಲೋಟ ಮುಗಿಯೋವರೆಗೂ ಮೂರನೆಯದರ ಹಾಗೇ ಇತ್ತು. ಅಲ್ಲಿಂದಾಚೆಗೆ ಬಾಣಲೆಯ ನಡುವೆ ಹಿಟ್ಟು ಉಬ್ಬಿ ಉಬ್ಬಿ ಸ್ಪಂಜಿನಂತಾಯಿತು, ಸುತ್ತ ತುಪ್ಪ ಒಸರತೊಡಗಿತು, ಹಸಿ ವಾಸನೆ ಹೋಗಿ ಹುರಿದ ಕಡಲೆಯ ಘಮ ಬಂತು. ಇಳಿಸಬೇಕಾದ ಗಳಿಗೆ ಅದು. ಇನ್ನು ಕಾಲು ನಿಮಿಷ ತಡೆದರೆ ಕತ್ತರಿಸುವಾಗ ಪುಡಿಪುಡಿ, ನನಗೆ ಹಿಂದೊಮ್ಮೆ ಆಗಿದೆ. ಅವಸರ ಮಾಡಿದರೆ ಜಿಗುಟು. ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಮಗುಚುವ ಕೈ ಹಿಡಿದು ಒಬ್ಬರೇ ಮಾಡೋ ಕೆಲಸವಲ್ಲ, ತುಪ್ಪ ಸಿಡಿದು ನನ್ನ ಮಣಿಕಟ್ಟಿನ ಮೇಲೆ ಎರಡು ಬೊಬ್ಬೆ ಎದ್ದವು.

ಆಳವಾದ ತಟ್ಟೆಗೆ ಸುರಿದು ಹಾಗೇ ಬಿಟ್ಟೆ. ಮೇಲೆ ತಟ್ಟಿ ಸಮ ಮಾಡಲು ಹೋದರೆ ಗೂಡೆಲ್ಲ ಕುಸಿಯುತ್ತದೆ. ಬಿಸಿ ಇರುವಾಗಲೇ ಗೆರೆ ಎಳೆದು, ತಟ್ಟೆಯನ್ನು ಒಂದು ಕಡೆ ಓರೆ ಮಾಡಿ ಇಟ್ಟೆ. ಅರ್ಧ ಲೋಟಕ್ಕಿಂತ ಸ್ವಲ್ಪ ಹೆಚ್ಚೇ ತುಪ್ಪ ಮೂಲೆಗೆ ಇಳಿದು ಬಂತು. ಅಂದರೆ ಸುರಿದದ್ದು ಮೂರು, ಒಳಗೆ ಉಳಿದದ್ದು ಎರಡೂವರೆಗೂ ಕಡಿಮೆ. ಮೂರನೇ ಲೋಟದ ಕೆಲಸ ಹೆಚ್ಚಾಗಿ ಬಿಸಿ ಹೊತ್ತು ತರೋದು, ಹಿಟ್ಟನ್ನು ಒಳಗಿನಿಂದ ಕರಿಯೋದು. ಬಿಲ್ಲೆ ಮುರಿದರೆ ಮೇಲೂ ಕೆಳಗೂ ತಿಳಿ ಹಳದಿ, ನಡುವೆ ಕಂದು ಪಟ್ಟಿ. ಆ ಕಂದು ಸೀದದ್ದಲ್ಲ: ಅಂಚು ಬೇಗ ಆರುತ್ತದೆ, ನಡುಭಾಗ ತನ್ನ ಬಿಸಿಯಲ್ಲೇ ಇನ್ನಷ್ಟು ಹೊತ್ತು ಬೇಯುತ್ತದೆ. ಇದೇ ಹಿಟ್ಟಿನಲ್ಲಿ ಒಂದು ಸೌಟನ್ನು ಚಪ್ಪಟೆ ತಟ್ಟೆಗೂ ಹಾಕಿದ್ದೆ, ಅದರಲ್ಲಿ ಪಟ್ಟಿ ಬರಲಿಲ್ಲ.

ಐದನೆಯದು ಹಟಕ್ಕೆ ಮಾಡಿದ್ದು. ಮೂರು ಲೋಟ ಬೆಚ್ಚಗಿನ ತುಪ್ಪ. ಹೆಚ್ಚು ತುಪ್ಪ ಅಂದರೆ ಹೆಚ್ಚು ಮೆದು ಅಂತ ಓರಗಿತ್ತಿ ವಾದಿಸಿದ್ದಳಲ್ಲ. ಎರಡು ಲೋಟ ಕುಡಿದ ಹಿಟ್ಟು ಮೂರನೆಯದನ್ನು ಮುಟ್ಟಲೇ ಇಲ್ಲ, ತುಪ್ಪ ಮೇಲೆ ತೇಲುತ್ತಾ ಕೂತಿತು. ಬೆಳಿಗ್ಗೆ ನೋಡಿದರೆ ಬಿಲ್ಲೆಯ ಮೇಲೆ ಬಿಳಿ ತುಪ್ಪದ ಪದರ. ತಿಂದವರ ಬೆರಳು, ತುಟಿ ಎಲ್ಲ ಜಿಡ್ಡು. "ಇದು ಮೈಸೂರು ಪಾಕಲ್ಲ ಅಕ್ಕ, ತುಪ್ಪದ ಪಾಕ," ಅಂದಳು ಅವಳೇ.

ನಾಲ್ವಡಿಯವರ ಕಾಲದಲ್ಲಿ ಅರಮನೆಯ ಕಾಕಾಸುರ ಮಾದಪ್ಪನವರು ಮೊದಲು ಮಾಡಿದ್ದು ಯಾವ ಬಗೆಯದು ಅಂತ ಅತ್ತೆಯವರೂ ಓರಗಿತ್ತಿಯೂ ಈಗಲೂ ಜಗಳ ಆಡುತ್ತಾರೆ, ಅದರೊಳಗೆ ನಾನು ತಲೆ ಹಾಕೋದಿಲ್ಲ. ನನ್ನ ನಾಲಿಗೆಗೆ ನಾಲ್ಕನೆಯದೇ ಸೈ. ಆದರೆ ಸೀಮಂತಕ್ಕೆ ಹೋದದ್ದು ಎರಡನೆಯದು, ಒಂದೂವರೆ ಲೋಟ ಸಕ್ಕರೆಯದು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಗೂಡಿನದು ಡಬ್ಬಿಯಲ್ಲಿ ಅಲುಗಿ ಅರ್ಧ ಪುಡಿಯಾಗುತ್ತಿತ್ತು, ಬಂದವರಲ್ಲಿ ಹಲ್ಲಿಲ್ಲದ ಅಜ್ಜಿಯರೇ ಆರು ಜನ. ನಾಲ್ಕನೇ ತಟ್ಟೆಯಿಂದ ಬಸಿದ ತುಪ್ಪಕ್ಕೆ ಕಡಲೆಯ ಘಮ ಹತ್ತಿತ್ತು, ಮರುದಿನ ಅದರಲ್ಲೇ ರವೆ ಹುರಿದು ಸಜ್ಜಿಗೆ ಮಾಡಿದೆ.