ಕೊನೆಯ ದಿನಗಳಲ್ಲಿ ಸಲಾಯಿನ್ ಹಚ್ಚಿಸಬೇಕಾ, ಬಾಯಿ ಒದ್ದೆ ಮಾಡಿದರೆ ಸಾಕಾ?

ಇಂಡಿ ಕಡೆಯ ಒಬ್ಬ ಅಜ್ಜ. ಹೊಟ್ಟೆ ಕ್ಯಾನ್ಸರ್, ಮೂತ್ರ ಕಡಿಮೆಯಾಗಿದೆ, ದಿನವಿಡೀ ಮಂಪರು. ಹಿರೇಮಗ ಕೇಳಿದ: "ಸಲಾಯಿನ್ ಹಚ್ರಿ, ಅಪ್ಪ ನೀರಡಿಸಿ ಸಾಯಬಾರ್ದು."

ಸಲಾಯಿನ್ ಹಚ್ಚಿದರೆ ಮನೆಯವರಿಗೆ ಏನೋ ಮಾಡಿದ ಸಮಾಧಾನ. ಆದರೆ ಈ ಹಂತದಲ್ಲಿ ದೇಹ ಅಷ್ಟು ನೀರು ಹೊರಹಾಕಲಾರದು. ಕಾಲು ಊದಬಹುದು, ಎದೆಯಲ್ಲಿ ಗೊರಗೊರ ಜಾಸ್ತಿಯಾಗಬಹುದು. ಬಾಯಿ ಒಣಗೋದು ಮಾತ್ರ ಹೆಚ್ಚಾಗಿ ಹಾಗೇ ಇರುತ್ತದೆ.

ಬಾಯಿ ಆರೈಕೆ ನೇರವಾಗಿ ಆ ಒಣಗಿದ ಬಾಯಿಗೇ ಪರಿಹಾರ. ಒಂದೆರಡು ತಾಸಿಗೊಮ್ಮೆ ಒದ್ದೆ ಅರಿವೆಯಿಂದ ನಾಲಿಗೆ, ವಸಡು ಒರೆಸಿ, ತುಟಿಗೆ ತುಪ್ಪ ಸವರಿ. ಎಚ್ಚರವಿದ್ದು ನುಂಗಿದರೆ ಮಾತ್ರ ತಲೆ ಎತ್ತರಿಸಿ ಒಂದು ಚಮಚ ನೀರು. ಕೆಮ್ಮಿದರೆ ನಿಲ್ಲಿಸಿ.

ಈ ಅಜ್ಜನಿಗೆ ನಾನು ಎರಡನೆಯದನ್ನೇ ಹೇಳಿದೆ. ಮಗನಿಗೂ ಹೇಳಿದೆ: "ಉಣ್ಣದ್ದಕ್ಕೆ ಹೋಗ್ತಿಲ್ಲಪ್ಪಾ, ಹೋಗೋ ಹೊತ್ತಾಗಿದೆ, ಅದಕ್ಕೇ ಉಣ್ತಿಲ್ಲ." ಇದನ್ನು ಮೊದಲೇ ಹೇಳಬೇಕು. ಇಲ್ಲದಿದ್ದರೆ 'ಉಪವಾಸ ಕೆಡವಿದೆವು' ಅನ್ನೋ ಕೊರಗು ವರ್ಷಗಟ್ಟಲೆ ಕಾಡುತ್ತದೆ. ಒರೆಸೋ ಅರಿವೆಯನ್ನು ಅವನ ಕೈಗೇ ಕೊಟ್ಟೆ.

ರೋಗಿ ಇನ್ನೂ ಎದ್ದು ಮಾತಾಡುತ್ತಾ, ವಾಂತಿ-ಭೇದಿಯಿಂದ ಬಳಲಿದ್ದರೆ ಮಾತು ಬೇರೆ. ಆಗ ಡಾಕ್ಟರು ಒಂದೆರಡು ದಿನ ಸಲಾಯಿನ್ ಕೊಟ್ಟು ನೋಡಬಹುದು. ಊತ ಬಂದರೆ, ಉಸಿರು ಕಟ್ಟಿದರೆ ತೆಗೆಸಬೇಕು.